ಒಂದೇ ಪ್ಲೇಟಿನ ಏಳು ಮನೆಗಳು

‘ನನ್ನ ಕೃತಿಗಳು ನೆನಪು ಮತ್ತು ವಲಸೆಯನ್ನು ಶೋಧಿಸುತ್ತವೆ.’ ಚಿತ್ರ ಪ್ರದರ್ಶನಗಳಿಗೆ ಹೋಗುವ ಅಭ್ಯಾಸ ಇದ್ದವರು ಈ ವಾಕ್ಯವನ್ನು ಗ್ಯಾಲರಿಯ ಗೋಡೆಯ ಮೇಲೋ ಕೆಟಲಾಗಿನ ಮೊದಲ ಪುಟದಲ್ಲೋ ಓದಿಯೇ ಇರುತ್ತಾರೆ. ಓದಿದ ಮೇಲೆ ಏನೂ ನೆನಪಿರುವುದಿಲ್ಲ. ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಕಿತ್ತು ಪಕ್ಕದ ಕೋಣೆಯಲ್ಲಿರುವ ಬೇರೊಬ್ಬರ ಚಿತ್ರಗಳ ಕೆಳಗೆ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಕಲಾವಿದರ ವಲಯದಲ್ಲಿ ಇದಕ್ಕೆ ‘ಆರ್ಟಿಸ್ಟ್ ಸ್ಟೇಟ್‌ಮೆಂಟ್’ ಎನ್ನುತ್ತಾರೆ. ತಾನು ಏನು ಮಾಡುತ್ತಿದ್ದೇನೆ, ಹೇಗೆ, ಯಾಕೆ ಎಂಬುದನ್ನು ಕಲಾವಿದರೇ ಬರೆದುಕೊಡುವ ಅರ್ಧ ಪುಟ, ಹೆಚ್ಚೆಂದರೆ ಒಂದು ಪುಟ. ಹುಟ್ಟಿದ್ದೆಲ್ಲಿ, ಓದಿದ್ದೆಲ್ಲಿ, ಬಂದ ಪ್ರಶಸ್ತಿಗಳೇನು ಎಂಬ ಪರಿಚಯ ಪತ್ರ ಬೇರೆ, ಇದು ಬೇರೆ. ಪ್ರದರ್ಶನಕ್ಕೆ, ಫೆಲೋಶಿಪ್ಪಿಗೆ, ಹೊರಗಿನ ಸ್ಟುಡಿಯೋದಲ್ಲಿ ಕೆಲವು ತಿಂಗಳು ಕೆಲಸ ಮಾಡುವ ಅವಕಾಶಕ್ಕೆ, ಎಲ್ಲಕ್ಕೂ ಇದನ್ನು ಕೇಳುತ್ತಾರೆ. ಆಯ್ಕೆ ಸಮಿತಿಯವರ ಮುಂದೆ ಹತ್ತೋ ಹದಿನೈದೋ ಚಿತ್ರಗಳ ಫೋಟೋ ಇರುತ್ತದೆ, ಪಕ್ಕದಲ್ಲಿ ಈ ಪುಟ ಇರುತ್ತದೆ. ಎರಡನ್ನೂ ಒಟ್ಟಿಗೇ ನೋಡುತ್ತಾರೆ.

ಕಾಲೇಜು ಮುಗಿಸಿ ಬಂದ ಹುಡುಗರಿಗಿಂತ ಇದು ಹದಿನೈದು ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೇ ಕಷ್ಟ. ಹುಡುಗರ ಬಳಿ ಇರುವುದು ಒಂದೇ ಸರಣಿ, ಅದರ ಬಗ್ಗೆ ಬರೆದರಾಯಿತು. ಇವರ ಬಳಿ ಐದಾರು ಸರಣಿಗಳಿರುತ್ತವೆ. ಒಂದರಲ್ಲಿ ಹಕ್ಕಿ, ಇನ್ನೊಂದರಲ್ಲಿ ನಗರ, ಮತ್ತೊಂದರಲ್ಲಿ ಬರೀ ಗೆರೆ. ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಲು ಹೊರಟಾಗ ದಾರ ಎಷ್ಟು ಅಗಲವಾಗಬೇಕಾಗುತ್ತದೆ ಎಂದರೆ, ‘ನೆನಪು’, ‘ಅಸ್ಮಿತೆ’, ‘ಕಾಲ’ ಎಂಬ ಪದಗಳನ್ನು ಬಿಟ್ಟರೆ ಬೇರೇನೂ ಅಷ್ಟು ಅಗಲ ಇರುವುದಿಲ್ಲ. ಜೊತೆಗೆ ಎಂದೋ ಬರೆದ ಹಳೆಯ ಪುಟವೊಂದು ಕಂಪ್ಯೂಟರಿನಲ್ಲಿರುತ್ತದೆ. ಪ್ರತಿ ಅರ್ಜಿಗೂ ಅದನ್ನೇ ತೆಗೆದು ಒಂದೆರಡು ಪದ ಸೇರಿಸಿ ಕಳಿಸುತ್ತಾರೆ. ಪದಗಳು ಸೇರುತ್ತಲೇ ಹೋಗುತ್ತವೆ, ತೆಗೆಯುವವರು ಯಾರೂ ಇರುವುದಿಲ್ಲ.

ಅಚ್ಚುಕಲೆಯವರ ವಿಷಯದಲ್ಲಿ ಇದು ನನಗೆ ಇನ್ನೂ ಬೇಸರ ತರಿಸುತ್ತದೆ. ಬೇರೆ ಯಾವ ಮಾಧ್ಯಮದವರಿಗೂ ಇಲ್ಲದ ಅನುಕೂಲವೊಂದು ಅವರಿಗಿದೆ, ಅದನ್ನು ಅವರೇ ಗಮನಿಸುವುದಿಲ್ಲ. ಅಚ್ಚುಕಲೆಯಲ್ಲಿ ಕಲಾವಿದರು ಗೆರೆ ಎಳೆಯುವುದು ಒಂದು ಕಡೆ, ಚಿತ್ರ ಮೂಡುವುದು ಇನ್ನೊಂದು ಕಡೆ. ತಗಡಿನ ಮೇಲೋ ಮರದ ಮೇಲೋ ಮಾಡಿದ ಗುರುತು ಅಲ್ಲಿಂದ ಹೊರಟು ಕಾಗದಕ್ಕೆ ಬರುತ್ತದೆ. ಬರುವಾಗ ಎಡ ಬಲವಾಗುತ್ತದೆ. ಕೆಲವು ಗೆರೆಗಳು ಹಿಂದೆಯೇ ಉಳಿಯುತ್ತವೆ, ಬೇಡದ ಕಲೆಗಳು ಜೊತೆಗೆ ಬರುತ್ತವೆ. ಊರು ಬಿಟ್ಟವರ ಕಥೆ ಹೇಳಲು ಹೊರಟವರ ಕೈಯಲ್ಲೇ ಇಂಥ ಕೆಲಸ ಇರುವಾಗ, ಸ್ಟೇಟ್‌ಮೆಂಟು ಅಲ್ಲಿಂದ ಶುರುವಾಗದೆ ‘ಸಂಕೀರ್ಣ ಸಂಬಂಧಗಳ ಶೋಧ’ದಿಂದ ಯಾಕೆ ಶುರುವಾಗಬೇಕು?

ಈ ಮಾತಿಗೆ ಜರೀನಾ ಹಾಶ್ಮಿ ಒಳ್ಳೆಯ ಉದಾಹರಣೆ. ಬರೀ ಜರೀನಾ ಎಂದೇ ಹೆಸರಾದವರು. 1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಗಣಿತ ಓದಿ, ಮದುವೆಯಾಗಿ ದೇಶ ಬಿಟ್ಟರು. ಪ್ಯಾರಿಸಿನಲ್ಲಿ ಹೇಟರ್ ಅವರ ಅಟೆಲಿಯೆ 17ರಲ್ಲಿ ಎಚ್ಚಿಂಗ್ ಕಲಿತರು, ಜಪಾನಿನಲ್ಲಿ ಮರದಚ್ಚು ಕಲಿತರು, ನ್ಯೂಯಾರ್ಕಿನಲ್ಲಿ ನೆಲೆಸಿದರು, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ತಂದೆತಾಯಿ ಕರಾಚಿಗೆ ಹೋದದ್ದು ದೇಶ ಒಡೆದ ಎಷ್ಟೋ ವರ್ಷಗಳ ನಂತರ. 1999ರಲ್ಲಿ ಅವರು ಮಾಡಿದ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ 36 ಮರದಚ್ಚುಗಳ ಒಂದು ಕಟ್ಟು. ಹೊಸ್ತಿಲು, ಬಾಗಿಲು, ಅಂಗಳ, ಗೋಡೆ, ಗಡಿ, ದೂರ ಹೀಗೆ ಉರ್ದು ಪದಗಳ ಪಟ್ಟಿಯೊಂದನ್ನು ಮೊದಲು ಮಾಡಿಕೊಂಡು, ಅದನ್ನು ಪಾಕಿಸ್ತಾನದ ಲಿಪಿಕಾರರೊಬ್ಬರಿಗೆ ಕಳಿಸಿ ಬರೆಸಿಕೊಂಡರು. ಪದ ಮೊದಲು, ಚಿತ್ರ ಆಮೇಲೆ. 2001ರ ‘ಡಿವೈಡಿಂಗ್ ಲೈನ್’ ಇನ್ನೂ ನೇರ. ಭಾರತ ಪಾಕಿಸ್ತಾನದ ಗಡಿರೇಖೆ ಕಪ್ಪಗೆ, ವಕ್ರವಾಗಿ ಕಾಗದದ ತುಂಬ ಇಳಿದಿದೆ. ಮರದಚ್ಚಿನಲ್ಲಿ ಉಬ್ಬಿದ ಭಾಗಕ್ಕೆ ಮಾತ್ರ ಶಾಯಿ ಹತ್ತುತ್ತದೆ. ಹಾಗಾಗಿ ಗೆರೆಯೊಂದು ಕಪ್ಪಗೆ ಮೂಡಬೇಕಾದರೆ ಅದನ್ನು ಕೆತ್ತುವಂತಿಲ್ಲ, ಅದರ ಎರಡೂ ಬದಿಯ ಮರವನ್ನು ಉಳಿಯಿಂದ ತೆಗೆದುಹಾಕಬೇಕು. ಗಡಿಯೊಂದನ್ನು ಉಳಿಸಲು ಆಚೀಚೆಯ ನೆಲವನ್ನೆಲ್ಲ ಕೆತ್ತಿ ಎಸೆಯುವ ಕೆಲಸ. ಇಷ್ಟನ್ನು ಹೇಳಿದರೆ ನೋಡುವವರಿಗೆ ವಿಭಜನೆಯ ಬಗ್ಗೆ ಪ್ರತ್ಯೇಕವಾಗಿ ಏನನ್ನೂ ವಿವರಿಸಬೇಕಾಗಿಲ್ಲ.

ಈಗ ನಮ್ಮ ಕಡೆಯ ಒಂದು ಪ್ರಸಂಗ. ಕೆಟಲಾಗುಗಳನ್ನು ತಿದ್ದಿಕೊಡುವ ಕೆಲಸ ನನಗೆ ಆಗಾಗ ಬರುತ್ತದೆ. ಹಾಗೆ ಪರಿಚಯವಾದ ಕಲಾವಿದೆಯೊಬ್ಬರು ಹಳೇ ಬಾಗಲಕೋಟೆಯವರು, ಈಗ ಬೆಂಗಳೂರಿನಲ್ಲಿದ್ದಾರೆ. ನಲವತ್ತೈದು ದಾಟಿದವರು, ಎಚ್ಚಿಂಗ್ ಮಾಡುತ್ತಾರೆ. ಹೆಸರು ಬೇಡ ಎಂದಿದ್ದಾರೆ. ಅವರು ಕಳಿಸಿದ ಪುಟ ಹೀಗೆ ಶುರುವಾಗಿತ್ತು:

‘ನನ್ನ ಕಲೆ ನೆನಪು, ವಲಸೆ, ಅಸ್ಮಿತೆ ಹಾಗೂ ಕಾಲದ ನಡುವಿನ ಸಂಕೀರ್ಣ ಸಂಬಂಧಗಳ ಶೋಧ. ವಿವಿಧ ತಂತ್ರಗಳ ಮೂಲಕ ನಾನು ಮನೆ ಎಂಬ ಪರಿಕಲ್ಪನೆಯನ್ನು ಪ್ರಶ್ನಿಸುತ್ತೇನೆ. ನನ್ನ ಕೃತಿಗಳು ನೋಡುಗರನ್ನು ತಮ್ಮ ಬೇರುಗಳ ಬಗ್ಗೆ ಆಳವಾಗಿ ಚಿಂತಿಸುವಂತೆ ಮಾಡುತ್ತವೆ.’

ಇದರ ಮೊದಲ ವಾಕ್ಯದಲ್ಲಿ ನಾಲ್ಕು ದೊಡ್ಡ ಪದಗಳಿವೆ, ಒಂದು ಊರಿನ ಹೆಸರೂ ಇಲ್ಲ. ಎರಡನೆಯದರಲ್ಲಿ ‘ವಿವಿಧ ತಂತ್ರ’ ಎಂದಿದೆ, ಆದರೆ ಅವರು ಕಳಿಸಿದ್ದ ಚಿತ್ರಗಳೆಲ್ಲ ಎಚ್ಚಿಂಗ್. ಮೂರನೆಯದು ನೋಡುಗರ ಪರವಾಗಿ ತೀರ್ಪು ಕೊಡುತ್ತದೆ. ಯಾರು ಏನು ಚಿಂತಿಸುತ್ತಾರೆ ಎನ್ನುವುದು ಕಲಾವಿದರ ಕೈಯಲ್ಲಿಲ್ಲ, ಸಮಿತಿಯವರು ಇಂಥ ವಾಕ್ಯ ಕಂಡರೆ ಹುಬ್ಬೇರಿಸುತ್ತಾರೆ. ಚಿತ್ರಗಳನ್ನು ನೋಡಿದರೆ ವಿಷಯವೇ ಬೇರೆ ಇತ್ತು. ಏಳು ಅಚ್ಚುಗಳು, ಏಳರಲ್ಲೂ ಒಂದು ಮನೆಯ ನಕ್ಷೆ. ಒಂದರಿಂದ ಇನ್ನೊಂದಕ್ಕೆ ಕೋಣೆಗಳು ಜಾಗ ಬದಲಿಸುತ್ತವೆ, ಹಳೆಯ ಗೋಡೆಯ ಜಾಗದಲ್ಲಿ ಬೂದು ಬಣ್ಣದ ಮಸುಕು ಉಳಿದಿದೆ. ಇದು ಹೇಗೆ ಬಂತು ಎಂದು ಕೇಳಿದೆ. ಫೋನಿನಲ್ಲೇ ಹೇಳತೊಡಗಿದರು. ಬರೆದದ್ದಕ್ಕಿಂತ ಆ ಮಾತೇ ಎಷ್ಟೋ ಚೆನ್ನಾಗಿತ್ತು.

ಅವರ ಮನೆ ಘಟಪ್ರಭೆಯ ಕಡೆಗಿನ ಓಣಿಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಮನೆ ಮುಳುಗಡೆ ಪಟ್ಟಿಗೆ ಸೇರಿ, ಮನೆಯವರೆಲ್ಲ ನವನಗರಕ್ಕೆ ಹೋದರು. ತೊಲೆ, ಬಾಗಿಲ ಚೌಕಟ್ಟು ಬಿಚ್ಚಿಕೊಂಡು ಹೋದರಂತೆ, ಆದರೆ ಮನೆಯ ನಕ್ಷೆಯಾಗಲಿ ಒಳಗಿನ ಫೋಟೋಗಳಾಗಲಿ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಇವರು ಅವ್ವನನ್ನು ಕೂರಿಸಿಕೊಂಡು, ಅವ್ವ ಹೇಳಿದಂತೆ ನಕ್ಷೆಯನ್ನು ನೇರವಾಗಿ ಸತುವಿನ ತಗಡಿನ ಮೇಲೆ ಎಳೆದರು.

ಎಚ್ಚಿಂಗ್ ಹೇಗೆ ನಡೆಯುತ್ತದೆ ಎಂದು ಇಲ್ಲಿ ಎರಡು ಮಾತು ಹೇಳಬೇಕು. ನುಣುಪಾದ ತಗಡಿಗೆ ಜೇನುಮೇಣ, ಡಾಂಬರು, ರಾಳ ಸೇರಿದ ತೆಳುವಾದ ಪದರ ಹಚ್ಚುತ್ತಾರೆ. ಸೂಜಿಯಿಂದ ಗೆರೆ ಎಳೆದಾಗ ಆ ಪದರ ಕಿತ್ತುಬಂದು ಲೋಹ ಕಾಣುತ್ತದೆ. ತಗಡನ್ನು ನೀರು ಬೆರೆಸಿದ ನೈಟ್ರಿಕ್ ಆಸಿಡ್ಡಿನಲ್ಲಿ ಇಟ್ಟರೆ ಲೋಹ ಕಂಡ ಕಡೆ ಮಾತ್ರ ಆಸಿಡ್ ತಿನ್ನುತ್ತದೆ. ಹೆಚ್ಚು ಹೊತ್ತು ಇಟ್ಟರೆ ಗೆರೆ ಆಳವಾಗುತ್ತದೆ, ಅಚ್ಚಿನಲ್ಲಿ ಅಷ್ಟೇ ಕಪ್ಪಾಗುತ್ತದೆ. ಆಮೇಲೆ ಪದರ ತೊಳೆದು, ಶಾಯಿ ಮೆತ್ತಿ, ಜಾಳು ಬಟ್ಟೆಯಲ್ಲಿ ಮೇಲ್ಮೈ ಒರೆಸುತ್ತಾರೆ. ಶಾಯಿ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಭಾರವಾದ ರೋಲರಿನ ಪ್ರೆಸ್ಸಿನಲ್ಲಿ ಹಾಯಿಸಿದಾಗ ಕಾಗದ ಆ ತಗ್ಗುಗಳೊಳಗೆ ಒತ್ತಿಕೊಂಡು ಶಾಯಿಯನ್ನು ಎತ್ತಿಕೊಳ್ಳುತ್ತದೆ.

ಮೊದಲ ಅಚ್ಚನ್ನು ಅವ್ವನಿಗೆ ತೋರಿಸಿದಾಗ ಅವರು ಕೂಡಲೇ ಹೇಳಿದ್ದು: ‘ಅಡಗಿಮನಿ ಎಡಕ್ಕ ಇತ್ತವಾ, ನೀ ಬಲಕ್ಕ ಹಾಕೀದಿ. ಇದು ನಮ್ಮ ಮನಿ ಅಲ್ಲ.’ ತಗಡಿನ ಮೇಲೆ ಸರಿಯಾಗಿಯೇ ಇತ್ತು, ಅಚ್ಚಿನಲ್ಲಿ ತಿರುವಿತ್ತು. ಇಡೀ ನಕ್ಷೆಯಲ್ಲಿ ಅವ್ವ ಗುರುತು ಹಿಡಿದದ್ದು ಒಂದನ್ನೇ, ಅಂಗಳದ ಹಗೇವು. ಕಾಳು ತುಂಬಿಡುವ ಆ ಗುಂಡಿಯ ಬಾಯಿ ಮನೆಯ ನಟ್ಟನಡುವೆ ಇತ್ತು. ನಕ್ಷೆ ತಿರುವಿದರೂ ಅದರ ಜಾಗ ಬದಲಾಗಿರಲಿಲ್ಲ.

ಆಮೇಲೆ ಕಾಕಾ ಬಂದು ದೇವರ ಮನೆ ಅಲ್ಲಿರಲಿಲ್ಲ ಎಂದರು. ಅಕ್ಕ ಹಿತ್ತಿಲ ಬಾಗಿಲ ಬಗ್ಗೆ ಜಗಳವಾಡಿದರು. ಪ್ರತಿ ಸಲವೂ ಇವರು ಹೊಸ ತಗಡು ತೆಗೆದುಕೊಳ್ಳಲಿಲ್ಲ. ಅದೇ ತಗಡಿನಲ್ಲಿ ಒಪ್ಪದ ಕೋಣೆಯನ್ನು ಸ್ಕ್ರೇಪರಿನಿಂದ ಹೆರೆದು, ಎಣ್ಣೆ ಹಾಕಿ ಬರ್ನಿಷರಿನಿಂದ ಉಜ್ಜಿ, ಹೊಸದಾಗಿ ಗೆರೆ ಎಳೆದು ಮತ್ತೆ ಆಸಿಡ್ಡಿಗೆ ಇಳಿಸಿದರು. ಆಳವಾಗಿ ತಿಂದ ಗೆರೆ ಹೆರೆದರೂ ಪೂರ್ತಿ ಹೋಗುವುದಿಲ್ಲ. ಹೆರೆದ ಜಾಗವೇ ಒಂದು ಸಣ್ಣ ತಗ್ಗಾಗಿ, ಒರಟಾಗಿ, ಒರೆಸುವಾಗ ಸ್ವಲ್ಪ ಶಾಯಿ ಹಿಡಿದುಕೊಳ್ಳುತ್ತದೆ. ನಾನು ನೋಡಿದ್ದ ಬೂದು ಮಸುಕು ಅದೇ. ಪ್ರತಿ ಹಂತದಲ್ಲಿ ಮೂರೇ ಅಚ್ಚು ತೆಗೆದರು. ತಗಡು ಮುಂದಿನ ಹಂತಕ್ಕೆ ಹೋದ ಮೇಲೆ ಹಿಂದಿನದನ್ನು ಮತ್ತೆ ತೆಗೆಯಲು ಬರುವುದಿಲ್ಲ.

ಇಷ್ಟೆಲ್ಲ ಇಟ್ಟುಕೊಂಡು ಅವರು ಬರೆದದ್ದು ‘ಸಂಕೀರ್ಣ ಸಂಬಂಧ’!

ಬರೆಯಲು ಕೂತಾಗ ಮೊದಲು ಹಳೆಯ ಸರಣಿಗಳನ್ನೆಲ್ಲ ಬದಿಗಿಟ್ಟೆವು. ಹಕ್ಕಿಗಳ ಸರಣಿ ಪರಿಚಯ ಪತ್ರದಲ್ಲಿ ಇರಲಿ, ಈ ಪುಟದಲ್ಲಿ ಬೇಡ. ಅವರಿಗೆ ಇದು ಸುಲಭವಾಗಿರಲಿಲ್ಲ, ‘ಇಪ್ಪತ್ತು ವರ್ಷ ಮಾಡಿದ್ದು ಎಲ್ಲಿ ಹೋಯಿತು’ ಎಂದರು. ಸಮಿತಿಗೆ ಕಳಿಸುವ ಚಿತ್ರಗಳು ಯಾವುವೋ ಅವುಗಳ ಬಗ್ಗೆ ಮಾತ್ರ ಪುಟ ಮಾತಾಡಬೇಕು, ಕಳಿಸದ ಚಿತ್ರವನ್ನು ಹೊಗಳಿದರೆ ಓದುವವರು ಅದನ್ನು ಹುಡುಕುತ್ತಾ ಕೂರುತ್ತಾರೆ.

ನಿಜವಾದ ಚರ್ಚೆ ನಡೆದದ್ದು ‘ವಲಸೆ’ ಎಂಬ ಪದದ ಮೇಲೆ. ಅವರ ಕರಡಿನ ಕೊನೆಯಲ್ಲಿ ದೇಶ ವಿಭಜನೆಯ ಮಾತಿತ್ತು, ರಾಯಚೂರು ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವವರ ಮಾತಿತ್ತು, ಜಗತ್ತಿನ ನಿರಾಶ್ರಿತರ ಮಾತೂ ಇತ್ತು. ವಿಷಯ ದೊಡ್ಡದಾದರೆ ಕೃತಿಗೂ ತೂಕ ಬರುತ್ತದೆ ಎಂಬ ಆಸೆ. ಆದರೆ ಮುಳುಗಡೆಯಾಗಿ ಪರಿಹಾರ ಪಡೆದು ಕೆಲವೇ ಕಿಲೋಮೀಟರ್ ಆಚೆ ಸರ್ಕಾರ ಕಟ್ಟಿದ ಊರಿಗೆ ಹೋದವರ ಅನುಭವ ಬೇರೆ. ಮಳೆ ಕೈಕೊಟ್ಟು, ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿ, ಬಿತ್ತನೆಯ ಹೊತ್ತಿಗೆ ಮತ್ತೆ ಊರಿಗೆ ಹೋಗುವವರ ಅನುಭವ ಬೇರೆ. ಗುಳೆ ಹೋದವರಿಗೆ ಹಿಂತಿರುಗಲು ಮನೆ ಇರುತ್ತದೆ, ಮುಳುಗಡೆಯವರಿಗೆ ಇರುವುದಿಲ್ಲ. ಈ ವ್ಯತ್ಯಾಸವನ್ನು ಅಳಿಸಿದರೆ ಎರಡಕ್ಕೂ ಅನ್ಯಾಯ. ಇನ್ನೊಬ್ಬರ ಸಂಕಟವನ್ನು ತಮ್ಮ ಖಾತೆಗೆ ಬರೆದುಕೊಂಡ ಸ್ಟೇಟ್‌ಮೆಂಟುಗಳು ಬೇಗ ಗೊತ್ತಾಗುತ್ತವೆ. ಅವುಗಳಲ್ಲಿ ‘ನಾವು’ ಎಂಬ ಪದ ಬಹಳ ಬರುತ್ತದೆ, ಆ ‘ನಾವು’ ಯಾರು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಯಾರು, ಎಲ್ಲಿಂದ, ಎಲ್ಲಿಗೆ, ಯಾವ ಕಾರಣಕ್ಕೆ ಹೋದರು ಎಂದು ಹೇಳಿಬಿಟ್ಟರೆ ‘ವಲಸೆ’ ಎಂಬ ಪದವೇ ಬೇಕಾಗುವುದಿಲ್ಲ.

ತಂತ್ರದ ವಿವರ ಎಷ್ಟಿರಬೇಕು ಎಂಬುದು ಇನ್ನೊಂದು ಪ್ರಶ್ನೆಯಾಗಿತ್ತು. ಅಚ್ಚುಕಲೆಯವರು ಇದರಲ್ಲಿ ಎರಡು ತುದಿಗೆ ಹೋಗುತ್ತಾರೆ. ಕೆಲವರು ಏನೂ ಹೇಳುವುದಿಲ್ಲ, ಕೆಲವರು ಆಸಿಡ್ಡಿನ ಪ್ರಮಾಣ, ಕಾಗದದ ತೂಕ, ಪ್ರೆಸ್ಸಿನ ಕಂಪನಿ ಎಲ್ಲ ಬರೆಯುತ್ತಾರೆ. ತಂತ್ರ, ಅಳತೆ, ಎಷ್ಟು ಅಚ್ಚು ಎಂಬುದಕ್ಕೆ ಚಿತ್ರಗಳ ಪಟ್ಟಿ ಹೇಗೂ ಇದೆ, ಅದಕ್ಕೆ ಸ್ಟೇಟ್‌ಮೆಂಟು ಬೇಕಿಲ್ಲ. ನಾನು ಇಟ್ಟುಕೊಂಡಿರುವ ಅಳತೆಗೋಲು ಇಷ್ಟೇ: ಆ ವಿವರವನ್ನು ತೆಗೆದುಹಾಕಿದರೆ ಚಿತ್ರದ ಅರ್ಥ ಬದಲಾಗುತ್ತದೆಯೇ? ನೈಟ್ರಿಕ್ ಆಸಿಡ್ ಎಂಬುದನ್ನು ತೆಗೆದರೆ ಏನೂ ಆಗುವುದಿಲ್ಲ. ಹೆರೆದ ಗೆರೆ ಪೂರ್ತಿ ಹೋಗುವುದಿಲ್ಲ ಎಂಬುದನ್ನು ತೆಗೆದರೆ ಬೂದು ಮಸುಕು ಬರೀ ಅಲಂಕಾರವಾಗುತ್ತದೆ. ಮೂರೇ ಅಚ್ಚು ಎಂಬುದೂ ಹಾಗೆಯೇ. ಸಾಮಾನ್ಯವಾಗಿ ಒಂದು ಪ್ಲೇಟಿನಿಂದ ಹದಿನೈದೋ ಇಪ್ಪತ್ತೈದೋ ಅಚ್ಚು ತೆಗೆದು 1/15, 2/15 ಎಂದು ಪೆನ್ಸಿಲ್ಲಿನಲ್ಲಿ ನಂಬರು ಹಾಕುತ್ತಾರೆ. ಇಲ್ಲಿ ಸಂಖ್ಯೆ ಕಡಿಮೆ ಇರುವುದು ಬೆಲೆ ಏರಿಸಲು ಅಲ್ಲ ಎಂದು ಓದುವವರಿಗೆ ತಿಳಿಯಬೇಕು.

ಕೊನೆಗೆ ಉಳಿದ ಪುಟ ಇದು:

‘ನಾನು ಬೆಳೆದ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆಂದು ಅದನ್ನು ಬಿಟ್ಟುಕೊಟ್ಟಾಗ ನಾನು ಕಾಲೇಜಿನಲ್ಲಿದ್ದೆ. ಮನೆಯವರು ನವನಗರಕ್ಕೆ ಹೋದರು, ನಾನು ಬೆಂಗಳೂರಿಗೆ ಬಂದೆ. ಮನೆಯ ನಕ್ಷೆ ಯಾರ ಬಳಿಯೂ ಇಲ್ಲ.

‘ಈ ಸರಣಿಯ ಏಳೂ ಎಚ್ಚಿಂಗ್‌ಗಳು ಒಂದೇ ಸತುವಿನ ಪ್ಲೇಟಿನವು. ಮೊದಲು ಅವ್ವ ಹೇಳಿದಂತೆ ಮನೆಯನ್ನು ಎಳೆದೆ. ಆಮೇಲೆ ಕಾಕಾ, ಅಕ್ಕ, ಓಣಿಯವರು ಅದನ್ನು ತಿದ್ದಿದರು. ಪ್ರತಿ ಸಲ ಒಪ್ಪದ ಕೋಣೆಯನ್ನು ಹೆರೆದು ಅಲ್ಲೇ ಮತ್ತೆ ಎಳೆದೆ. ಆಳವಾದ ಗೆರೆ ಹೆರೆದರೂ ಹೋಗುವುದಿಲ್ಲ, ಬೂದು ಮಸುಕಾಗಿ ಅಚ್ಚಿನಲ್ಲಿ ಉಳಿಯುತ್ತದೆ. ಒಂದೊಂದು ಹಂತದಲ್ಲಿ ಮೂರು ಅಚ್ಚು ತೆಗೆದು ಮುಂದೆ ಹೋಗಿದ್ದೇನೆ. ಹಿಂದಿನ ಹಂತವನ್ನು ಇನ್ನು ತೆಗೆಯಲಾಗದು.

‘ಅಚ್ಚಿನಲ್ಲಿ ಮನೆ ಎಡಬಲ ತಿರುವಿದೆ. ನಾನು ಅದನ್ನು ಸರಿಪಡಿಸಿಲ್ಲ. ಅವ್ವನಿಗೆ ಗುರುತು ಸಿಕ್ಕಿದ್ದು ನಡುವಿನ ಹಗೇವು ಮಾತ್ರ.’

ಇದರಲ್ಲಿ ‘ನೆನಪು’ ಎಂಬ ಪದ ಒಮ್ಮೆಯೂ ಇಲ್ಲ ಎಂದು ಅವರೇ ಎಣಿಸಿ ಹೇಳಿದರು. ಸ್ವಲ್ಪ ಗಾಬರಿಯಲ್ಲೇ ಹೇಳಿದರು, ಏಕೆಂದರೆ ಅರ್ಜಿಯ ವಿಷಯವೇ ಅದಾಗಿತ್ತು. ಅರ್ಜಿಯ ಶೀರ್ಷಿಕೆಯಲ್ಲಿ ಆ ಪದ ಇರಲಿ ಎಂದು ತೀರ್ಮಾನವಾಯಿತು. ಕೆಲವು ಸಂಸ್ಥೆಗಳು ಅರ್ಜಿಗಳನ್ನು ವಿಷಯವಾರು ಬೇರ್ಪಡಿಸುತ್ತವೆ, ಅಂಥ ಕಡೆ ಪದ ಕಾಣದಿದ್ದರೆ ಪುಟ ತಪ್ಪಾದ ಕಟ್ಟಿಗೆ ಹೋಗಬಹುದು. ಇಂಥ ಲೌಕಿಕ ವಿಷಯಗಳನ್ನೂ ನೋಡಬೇಕಾಗುತ್ತದೆ.

ಒಂದು ಸಾಲನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ನಾವು ಕೊನೆಯವರೆಗೂ ಒಪ್ಪಲಿಲ್ಲ. ‘ನಾನು ಅದನ್ನು ಸರಿಪಡಿಸಿಲ್ಲ’ ಎಂಬುದು ಅವರ ಹಠದಿಂದ ಉಳಿದದ್ದು. ಎಡಬಲ ತಿರುಗಬಾರದೆಂದರೆ ಮೊದಲೇ ಚಿತ್ರವನ್ನು ಕಾಗದದ ಮೇಲೆ ತಿರುವಿ ತಗಡಿಗೆ ಇಳಿಸುವ ಕ್ರಮ ಎಲ್ಲ ಅಚ್ಚುಕಲೆಯವರಿಗೂ ಗೊತ್ತು. ಹಾಗಾಗಿ ಆ ಸಾಲಿನ ಅಗತ್ಯವಿಲ್ಲ ಎಂದು ನನಗೆ ಅನ್ನಿಸಿತ್ತು. ಅವರ ವಾದ ಬೇರೆಯಿತ್ತು: ಗೊತ್ತಿಲ್ಲದ ನೋಡುಗರು ಅದು ಕೈತಪ್ಪು ಎಂದುಕೊಳ್ಳುತ್ತಾರೆ, ಗೊತ್ತಿರುವವರು ಸೋಮಾರಿತನ ಎಂದುಕೊಳ್ಳುತ್ತಾರೆ. ಬೇಕೆಂದೇ ಬಿಟ್ಟದ್ದು ಎಂದು ಇಬ್ಬರಿಗೂ ಹೇಳಲು ಮೂರು ಪದ ಸಾಕು. ಈಗ ಓದಿದರೆ ಅವರದೇ ಸರಿ ಅನ್ನಿಸುತ್ತದೆ.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿದೆವು, ಇದನ್ನು ಯಾರು ಬೇಕಾದರೂ ಮಾಡಬಹುದು. ಹೆಸರು ತೆಗೆದ ಈ ಪುಟವನ್ನೂ, ಬೇರೆ ಬೇರೆ ಅಚ್ಚುಕಲಾವಿದರ ಚಿತ್ರಗಳ ಜೊತೆ ಬೆರೆಸಿದ ಇವರ ಚಿತ್ರಗಳನ್ನೂ ಅವರನ್ನು ಅರಿಯದ ಒಬ್ಬರ ಮುಂದಿಟ್ಟು, ಈ ಮಾತು ಯಾವುದರದ್ದು ಎಂದು ಕೇಳುವುದು. ಹಳೆಯ ಪುಟ ಕೊಟ್ಟಾಗ ಅವರು ದೋಣಿಗಳ ಮರದಚ್ಚೊಂದನ್ನು ತೋರಿಸಿದ್ದರು. ವಲಸೆ ಎಂದಕೂಡಲೇ ದೋಣಿ ನೆನಪಾಗುವುದು ಸಹಜ. ಹೊಸ ಪುಟ ಓದಿ, ನಕ್ಷೆಗಳನ್ನು ಎತ್ತಿಕೊಂಡು, ಮಸುಕು ಯಾವ ಅಚ್ಚಿನಿಂದ ಶುರುವಾಗುತ್ತದೆ ಎಂದು ಹುಡುಕತೊಡಗಿದರು.

ಪ್ರದರ್ಶನದ ಗೋಡೆಗೆ ಇಷ್ಟು ಉದ್ದವೂ ಹೆಚ್ಚಾಯಿತು, ನಿಂತು ಓದುವವರಿಗೆ ಐದಾರು ಸಾಲು ಸಾಕು. ಅಲ್ಲಿ ನಡುವಿನ ಪ್ಯಾರಾವನ್ನಷ್ಟೇ ಇಟ್ಟು, ಬಾಗಲಕೋಟೆಯ ಹೆಸರನ್ನು ಅದರ ಮೊದಲ ವಾಕ್ಯಕ್ಕೆ ಸೇರಿಸಿದರು. ಪೂರ್ತಿ ಪುಟ ಕೆಟಲಾಗಿಗೆ ಹೋಯಿತು. ಅವರೀಗ ಇನ್ನೊಂದು ತಗಡಿನ ಮೇಲೆ ನವನಗರದ ಮನೆಯನ್ನು ಎಳೆಯುತ್ತಿದ್ದಾರೆ. ಅದಕ್ಕೆ ಸರ್ಕಾರಿ ನಕ್ಷೆ ಇದೆ, ಮನೆಯವರಲ್ಲಿ ಯಾರಿಗೂ ತಕರಾರಿಲ್ಲ. ಹೆರೆಯಲು ಏನೂ ಸಿಗುತ್ತಿಲ್ಲವಂತೆ, ಆದ್ದರಿಂದ ಈ ಪುಟ ಆ ಸರಣಿಗೆ ನಡೆಯುವುದಿಲ್ಲ, ಹೊಸದನ್ನೇ ಬರೆಯಬೇಕು.